ಪಿ-ವ್ಯಾಲ್ಯೂ 0.02 ಬಂತು, ಹಾಗಾದ್ರೆ ಪುಡಿ 98% ಗ್ಯಾರಂಟಿನಾ?

ಆಲ್ದೂರು ಹತ್ರ ನಮ್ಮ ಭಾವಂದು ಒಂದು ಸಣ್ಣ ಕಾಫಿ ನರ್ಸರಿ ಇದೆ. ಹೋದ ವರ್ಷ ಯಾರೋ ಬೇರಿಗೆ ಹಾಕೋ ಒಂದು ಪುಡಿ ತಂದುಕೊಟ್ರು, ಸಸಿ ಬೇಗ ಏಳುತ್ತೆ ಅಂತ. ಭಾವ ಸುಮ್ನೆ ನಂಬೋ ಪೈಕಿ ಅಲ್ಲ, ಒಂದೇ ಅಳತೆಯ ಎರಡೆರಡು ರೋಬಸ್ಟಾ ಸಸಿ ಆರಿಸಿ 20 ಜೋಡಿ ಮಾಡಿ, ಪ್ರತಿ ಜೋಡೀಲಿ ಒಂದು ಬ್ಯಾಗಿಗೆ ಪುಡಿ ಹಾಕಿ ಇನ್ನೊಂದನ್ನ ಹಾಗೇ ಬಿಟ್ರು. ಮೂರು ತಿಂಗಳಾದ್ಮೇಲೆ ಸ್ಕೇಲ್ ಹಿಡಿದು ಅಳೆದ್ರೆ 20ರಲ್ಲಿ 15 ಜೋಡೀಲಿ ಪುಡಿ ಹಾಕಿದ ಸಸಿನೇ ಎತ್ತರ. ಅವ್ರ ಮಗ ಬಿಎಸ್ಸಿ ಅಗ್ರಿ ಎರಡನೇ ವರ್ಷ, ಲ್ಯಾಪ್‌ಟಾಪಲ್ಲಿ ಲೆಕ್ಕ ಹಾಕಿ ಪಿ-ವ್ಯಾಲ್ಯೂ 0.02 ಅಂದ. "ಅಂದ್ರೆ ಮಾವ, ಪುಡಿ ವೇಸ್ಟ್ ಆಗಿರೋ ಚಾನ್ಸ್ ಬರೀ 2%, ಕೆಲಸ ಮಾಡೋದು 98% ಗ್ಯಾರಂಟಿ."

ಲೆಕ್ಕ ಸರಿ ಇತ್ತು, ಅದರ ಅರ್ಥ ಹೇಳಿದ್ದು ತಪ್ಪು. ನಾನು ಡಿಗ್ರಿ ಹುಡುಗ್ರಿಗೆ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡೋನು, ಈ ತಪ್ಪು ಅವನೊಬ್ಬಂದಲ್ಲ, ಪೇಪರ್ ಬರೆಯೋ ದೊಡ್ಡ ದೊಡ್ಡೋರೂ ಮಾಡ್ತಾರೆ. ಎಷ್ಟು ಜನ ಮಾಡ್ತಾರೆ ಅಂದ್ರೆ 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ನೇ ಹೇಳಿಕೆ ಹೊರಡಿಸಿ, ಪಿ-ವ್ಯಾಲ್ಯೂ ಅನ್ನೋದು ಒಂದು ಊಹೆ ನಿಜ ಆಗಿರೋ ಸಂಭವವನ್ನ ಅಳೆಯೋದಿಲ್ಲ ಅಂತ ಬಿಡಿಸಿ ಹೇಳ್ಬೇಕಾಯ್ತು. ಅವತ್ತು ಭಾವನ ಜಗಲಿ ಮೇಲೆ ಕೂತು ಮಾಡಿದ್ದನ್ನೇ ಇಲ್ಲಿ ಒಂದೊಂದಾಗಿ ಬರೀತೀನಿ, ನೀವೂ ಮನೇಲಿ ಮಾಡ್ಬಹುದು.

ಮೊದ್ಲು ಪುಡಿನ ಮರೆತುಬಿಡಿ

ಪಿ-ವ್ಯಾಲ್ಯೂ ಲೆಕ್ಕ ಶುರುವಾಗೋದೇ ಪುಡೀಲಿ ಏನೂ ಇಲ್ಲ ಅಂದ್ಕೊಳ್ಳೋದ್ರಿಂದ. ಇದಕ್ಕೇ ನಲ್ ಹೈಪಾಥಿಸಿಸ್ ಅನ್ನೋದು, ಚಿಕ್ಕದಾಗಿ ನಲ್ ಅನ್ನೋಣ. ಪುಡಿ ಬರೀ ಬೂದಿ ಆಗಿದ್ರೆ ಒಂದು ಜೋಡೀಲಿ ಯಾವ ಸಸಿ ಎತ್ತರ ಆಗುತ್ತೆ ಅನ್ನೋದು ಅದೃಷ್ಟ, ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. 20 ಜೋಡಿ ಅಂದ್ರೆ 20 ನಾಣ್ಯ.

ಒಂದು ಸ್ಟೀಲ್ ಡಬ್ಬಿಗೆ 20 ಒಂದು ರೂಪಾಯಿ ನಾಣ್ಯ ಹಾಕಿ ಚೆನ್ನಾಗಿ ಅಲ್ಲಾಡಿಸಿ ಚಾಪೆ ಮೇಲೆ ಸುರೀರಿ, ಸಿಂಹದ ಮುಖ ಎಷ್ಟು ಬಂತು ಎಣಿಸಿ ಬರ್ಕೊಳ್ಳಿ. 9, 11, 10, 8, 12, ಹೀಗೇ ಬರುತ್ತೆ. ನಾವು ಸುಮಾರು ಅರವತ್ತು ಸಲ ಸುರಿದ್ವಿ, 15 ಅಥವಾ ಅದಕ್ಕಿಂತ ಜಾಸ್ತಿ ಬಂದಿದ್ದು ಒಂದೇ ಸಲ. ಸರಿಯಾದ ಲೆಕ್ಕದ ಪ್ರಕಾರ 20 ನಾಣ್ಯ ಬೀಳೋಕೆ ಇರೋ ದಾರಿ ಒಟ್ಟು 10,48,576, ಅದ್ರಲ್ಲಿ 15 ಅಥವಾ ಮೇಲೆ ಬರೋವು 21,700. ಭಾಗಿಸಿದ್ರೆ 0.0207, ಅಂದ್ರೆ ಹತ್ತಿರ ಹತ್ತಿರ 48 ಸಲಕ್ಕೆ ಒಂದ್ಸಲ. ಎಕ್ಸೆಲ್ ಇದ್ರೆ ಇಷ್ಟು ಟೈಪ್ ಮಾಡಿದ್ರೆ ಸಾಕು:

```
=1-BINOM.DIST(14,20,0.5,TRUE)
```

14 ಯಾಕೆ ಅಂದ್ರೆ, 14ರವರೆಗಿನದನ್ನೆಲ್ಲ ಒಂದರಿಂದ ಕಳೆದ್ರೆ 15ರಿಂದ ಮೇಲಿನದು ಉಳಿಯುತ್ತೆ. (ಪುಡಿಯಿಂದ ಸಸಿ ಕುಳ್ಳಗಾಗೋ ಕಡೆನೂ ಸೇರಿಸಿ ಎರಡೂ ದಿಕ್ಕು ನೋಡೋದಾದ್ರೆ ಇದರ ಡಬಲ್, 0.04. ಹುಡುಗ ಒಂದೇ ದಿಕ್ಕು ನೋಡಿದ್ದ, ಅದನ್ನೇ ಇಟ್ಕೊಳ್ಳೋಣ.)

ಈಗ ಈ 0.02 ಏನು ಹೇಳ್ತಿದೆ ನೋಡಿ: ಪುಡೀಲಿ ಏನೂ ಇಲ್ಲದಿದ್ರೆ, ಬರೀ ಅದೃಷ್ಟದಿಂದ 15 ಅಥವಾ ಅದಕ್ಕಿಂತ ಜಾಸ್ತಿ ಜೋಡೀಲಿ ಗೆಲ್ಲೋ ಸಂಭವ ನೂರಕ್ಕೆ ಎರಡು. ಅಷ್ಟೇ. ವಾಕ್ಯ ಶುರುವಾಗೋದೇ "ಏನೂ ಇಲ್ಲದಿದ್ರೆ" ಅಂತ, ನಲ್ ನಿಜ ಅಂತ ಮೊದಲೇ ಒಪ್ಕೊಂಡು ಹಾಕಿದ ಲೆಕ್ಕ ಇದು. ಒಪ್ಕೊಂಡೇ ಕೂತಿರೋ ಮಾತು ನಿಜನೋ ಸುಳ್ಳೋ ಅಂತ ಅದೇ ಲೆಕ್ಕನ ಕೇಳಿದ್ರೆ ಅದು ಎಲ್ಲಿಂದ ಹೇಳ್ಬೇಕು?

ಭಾವ ಇದನ್ನ ನನಗಿಂತ ಚೆನ್ನಾಗಿ ಹಿಡಿದ್ರು. "ನೋಡು ಮಾರಾಯ, ಜುಲೈ ತಿಂಗಳಾದ್ರೆ ನಮ್ಮಲ್ಲಿ ಮಳೆ ಗ್ಯಾರಂಟಿ. ಹಂಗಂತ ಮಳೆ ಬರ್ತಾ ಇದೆ ಅಂದ್ರೆ ಅದು ಜುಲೈನೇ ಅಂತ ಗ್ಯಾರಂಟಿ ಏನು, ಆಗಸ್ಟಲ್ಲೂ ಬರುತ್ತೆ, ಹೂಮಳೆ ಮಾರ್ಚಲ್ಲೇ ಬರುತ್ತೆ." ಅಷ್ಟೇ ವಿಷಯ. ಜುಲೈ ಆದ್ರೆ ಮಳೆ ಅನ್ನೋದು ಒಂದು ಸಂಖ್ಯೆ, ಮಳೆ ಆದ್ರೆ ಜುಲೈ ಅನ್ನೋದು ಬೇರೆನೇ ಸಂಖ್ಯೆ, ಒಂದನ್ನ ತಿರುಗಿಸಿ ಇನ್ನೊಂದರ ಜಾಗದಲ್ಲಿ ಇಡೋಕಾಗಲ್ಲ.

ಹಾಗಾದ್ರೆ ಪುಡಿ ವೇಸ್ಟ್ ಆಗಿರೋ ಚಾನ್ಸ್ ನಿಜವಾಗ್ಲೂ ಎಷ್ಟು?

ಹುಡುಗ ಬಿಡ್ಲಿಲ್ಲ, "2% ಅಲ್ಲ ಅಂದ್ರೆ ಎಷ್ಟು ಹೇಳಿ" ಅಂದ. ಅದನ್ನ ಹೇಳೋಕೆ 15 ಜೋಡಿ ಗೆದ್ದಿದ್ದು ಮಾತ್ರ ಸಾಲಲ್ಲ, ಇನ್ನೂ ಎರಡು ವಿಷಯ ಬೇಕು. ಇಂಥ ಪುಡಿಗಳಲ್ಲಿ ಎಷ್ಟು ನಿಜವಾಗ್ಲೂ ಕೆಲಸ ಮಾಡ್ತಾವೆ ಅನ್ನೋದು ಒಂದು, ಕೆಲಸ ಮಾಡಿದ್ರೆ ಎಷ್ಟರ ಮಟ್ಟಿಗೆ ಅನ್ನೋದು ಇನ್ನೊಂದು. ಎರಡನ್ನೂ ಊಹೆ ಮಾಡ್ಕೊಂಡು ಒಂದು ಹಾಳೆ ಮೇಲೆ ಎಣಿಸೋಣ, ಸೂತ್ರ ಬೇಡ.

ಮಾರ್ಕೆಟ್ಟಿಗೆ ಇಂಥ 1000 ಪುಡಿ ಬಂದಿದೆ ಅಂದ್ಕೊಳ್ಳಿ. ಅದ್ರಲ್ಲಿ 100 ನಿಜವಾದ ಮಾಲು, 900 ಬರೀ ಬೂದಿ. ನಿಜವಾದ ಪುಡಿ ಅಂದ್ರೂ ಪ್ರತಿ ಸಲ ಗೆಲ್ಲಲ್ಲ, ಒಂದು ಜೋಡೀಲಿ ಗೆಲ್ಲೋ ಸಂಭವ 70% ಅಂತಿಟ್ಕೊಳ್ಳಿ. ಈಗ ಒಂದೊಂದು ಪುಡಿನೂ ಭಾವನ ಥರಾನೇ 20 ಜೋಡಿ ಮೇಲೆ ಟೆಸ್ಟ್ ಮಾಡಿ, 15 ಅಥವಾ ಮೇಲೆ ಗೆದ್ದಿದ್ದನ್ನ ಪಾಸ್ ಅನ್ನೋಣ. 900 ಬೂದೀಲಿ ನೂರಕ್ಕೆ ಎರಡರ ಲೆಕ್ಕದಲ್ಲಿ ಸುಮಾರು 19 ಪಾಸ್ ಆಗ್ತಾವೆ. ನಿಜವಾದ 100ರಲ್ಲಿ ಪಾಸ್ ಆಗೋದು ಸುಮಾರು 42 ಮಾತ್ರ, ಯಾಕಂದ್ರೆ 70% ಗೆಲ್ಲೋ ಪುಡಿಗೂ 20ರಲ್ಲಿ 15 ಗೆಲ್ಲೋದು ಸುಲಭ ಅಲ್ಲ. ಒಟ್ಟು 61 ಪಾಸ್, ಅದ್ರಲ್ಲಿ 19 ಬೂದಿ. ನೂರಕ್ಕೆ 31!

ಎಲ್ಲಾ ಪುಡಿನೂ ಒಂದೇ ಪರೀಕ್ಷೆ ಬರೆದಿದೆ, ಪಾಸಾದವುಗಳ ಪಿ-ವ್ಯಾಲ್ಯೂ ಎಲ್ಲಾ 0.02 ಅಥವಾ ಅದಕ್ಕಿಂತ ಕಮ್ಮಿ, ಆದ್ರೂ ಮೂರರಲ್ಲಿ ಒಂದರ ಹತ್ತಿರ ಬೂದಿ. ಹುಡುಗ ಸ್ವಲ್ಪ ಹೊತ್ತು ಹಾಳೆನೇ ನೋಡ್ತಾ ಕೂತ. ಭಾವಂಗೆ ಬಂದಿದ್ದು ಸರಿಯಾಗಿ 15, ಅದಕ್ಕಿಂತ ಜಾಸ್ತಿ ಅಲ್ಲ. ಹಾಗಾಗಿ ಸರಿಯಾಗಿ 15 ಬಂದ ಪುಡಿಗಳನ್ನ ಮಾತ್ರ ಎಣಿಸಿದ್ರೆ ಸುಮಾರು 13 ಬೂದಿ, 18 ನಿಜವಾದದ್ದು. ಬೂದಿ ಪಾಲು ನೂರಕ್ಕೆ 40ರ ಮೇಲೆ ಹೋಯ್ತು.

ಆಮೇಲೆ ಆ ನೂರನ್ನ ಬದಲಾಯಿಸಿ ನೋಡಿ. 1000ದಲ್ಲಿ ನಿಜವಾದದ್ದು ಬರೀ 10 ಇದ್ರೆ ಪಾಸಾಗೋ 24ರಲ್ಲಿ 20 ಬೂದಿ. ಅರ್ಧಕ್ಕರ್ಧ, ಅಂದ್ರೆ 500 ನಿಜವಾದದ್ದೇ ಆಗಿದ್ರೆ ಪಾಸಾದ ಸುಮಾರು 218ರಲ್ಲಿ 10 ಮಾತ್ರ ಬೂದಿ. ಪಾಸ್ ಗೆರೆ ಅದೇ, ನಾಣ್ಯದ ಲೆಕ್ಕ ಅದೇ 0.0207, ಆದ್ರೆ ಬೂದಿ ಆಗಿರೋ ಸಂಭವ ಒಂದ್ಕಡೆ 83%, ಇನ್ನೊಂದ್ಕಡೆ 5%. ಪಿ-ವ್ಯಾಲ್ಯೂನೇ ನಲ್ ನಿಜ ಆಗಿರೋ ಸಂಭವ ಆಗಿದ್ರೆ ಇದು ಹೀಗೆ ಓಲಾಡೋಕೆ ಸಾಧ್ಯನೇ ಇರ್ಲಿಲ್ಲ. ಯಾವ ಗುಂಪಿಂದ ಬಂದ ಪುಡಿ ಅನ್ನೋದು ಪಿ-ವ್ಯಾಲ್ಯೂಗೆ ಗೊತ್ತೇ ಇಲ್ಲ, ಅದನ್ನ ಹೊರಗಿಂದ ನಾವೇ ಹೇಳ್ಬೇಕು.

ಅಂದಹಾಗೆ 0.05ಕ್ಕಿಂತ ಕಮ್ಮಿ ಬಂದ್ರೆ ಪಾಸ್ ಅನ್ನೋ ಗೆರೆ ಇದೆಯಲ್ಲ, ಅದನ್ನ ರೂಢಿಗೆ ತಂದೋರು ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನಲ್ಲಿದ್ದ ರೊನಾಲ್ಡ್ ಫಿಶರ್, 1925ರಲ್ಲಿ. 20ಕ್ಕೆ ಒಂದು ಅನ್ನೋದು ಅನುಕೂಲವಾದ ಗಡಿ ಅಂತ ಇಟ್ಟಿದ್ದು. ಪ್ರಕೃತಿ ನಿಯಮ ಏನಲ್ಲ ಅದು.

ಎಣಿಸೋ ಮೊದ್ಲೇ ಆದ ಎಡವಟ್ಟು

ಇಷ್ಟೆಲ್ಲ ಆದ್ಮೇಲೆ ನಾನು ನರ್ಸರಿ ನೋಡೋಣ ಅಂತ ಎದ್ದೆ. ಚಪ್ಪರದ ಕೆಳಗೆ ಜೋಡಿಗಳು ಸಾಲಾಗಿ ಇದ್ವು, ಪುಡಿ ಹಾಕಿದ ಬ್ಯಾಗೆಲ್ಲ ದಾರಿ ಕಡೆ, ಹಾಕದೇ ಇರೋದೆಲ್ಲ ಒಳಗಡೆ. ಯಾಕೆ ಭಾವ ಹೀಗೆ ಅಂದ್ರೆ, ಬಗ್ಗಿ ಹಾಕೋಕೆ ಸುಲಭ ಅಂತ ಅಂದ್ರು. ದಾರಿ ಕಡೆ ಬೆಳಗಿನ ಬಿಸಿಲು ಬೀಳುತ್ತೆ, ಪೈಪಿನ ನೀರೂ ಮೊದ್ಲು ಅಲ್ಲಿಗೇ.

ಇಲ್ಲಿಗೆ ನಮ್ಮ ನಾಣ್ಯದ ಕಥೆನೇ ಬಿತ್ತು. ಪುಡಿ ಬೂದಿಯಾದ್ರೂ ದಾರಿ ಕಡೆ ಸಸಿ ಗೆಲ್ಲೋ ಸಂಭವ ಅರ್ಧಕ್ಕಿಂತ ಜಾಸ್ತಿ ಇರ್ಬಹುದು, ಉದಾಹರಣೆಗೆ 60% ಅಂತಿದ್ರೆ 15 ಅಥವಾ ಮೇಲೆ ಬರೋದು ನೂರಕ್ಕೆ ಎರಡಲ್ಲ, ಸುಮಾರು ಹನ್ನೆರಡೂವರೆ. ಎಕ್ಸೆಲ್ ಸಾಲಲ್ಲಿ 0.5 ಇರೋ ಜಾಗಕ್ಕೆ 0.6 ಹಾಕಿ ನೀವೇ ನೋಡಿ. ಪಿ-ವ್ಯಾಲ್ಯೂ ಸಣ್ಣದು ಬಂತು ಅಂದ್ರೆ ನಲ್ ಜೊತೆ ನಾವು ಇಟ್ಕೊಂಡ ಊಹೆಗಳ ಪೂರ್ತಿ ಮೂಟೇಲಿ ಏನೋ ಹೊಂದ್ತಾ ಇಲ್ಲ ಅಂತ, ಅದು ಪುಡಿನೋ ಬಿಸಿಲೋ ಅಂತ ಅದು ಹೇಳಲ್ಲ.

ಇನ್ನೊಂದು ಸಣ್ಣ ವಿಷಯ ಕೇಳಿದೆ, ಎತ್ತರ ಮಾತ್ರ ಅಳೆದ್ರಾ ಅಂತ. ಎಲೆ ಎಣಿಸಿದ್ವಿ, ಕಾಂಡದ ದಪ್ಪನೂ ನೋಡಿದ್ವಿ, ಅದ್ರಲ್ಲಿ ಏನೂ ವ್ಯತ್ಯಾಸ ಕಾಣ್ಲಿಲ್ಲ ಅದಕ್ಕೆ ಬಿಟ್ವಿ ಅಂದ್ರು. ಮೂರು ಸಲ ಡಬ್ಬಿ ಅಲ್ಲಾಡಿಸಿ ಚೆನ್ನಾಗಿ ಬಿದ್ದಿದ್ದನ್ನ ಮಾತ್ರ ತೋರಿಸಿದ ಹಾಗಾಯ್ತು, ಆ 0.02ಕ್ಕೆ ಆಗ ಮೊದಲಿನ ಬೆಲೆ ಇಲ್ಲ.

ಈ ವರ್ಷ ಮತ್ತೆ ಮಾಡಿದ್ವಿ. 20 ಹೊಸ ಜೋಡಿ, ಪ್ರತಿ ಜೋಡೀಲೂ ಯಾವ ಬ್ಯಾಗಿಗೆ ಪುಡಿ ಅನ್ನೋದನ್ನ ನಾಣ್ಯ ಚಿಮ್ಮಿ ತೀರ್ಮಾನ ಮಾಡಿ, ಎತ್ತರ ಒಂದನ್ನೇ ಅಳೀತೀವಿ ಅಂತ ಮೊದಲೇ ಡೈರೀಲಿ ಬರೆದಿಟ್ವಿ. ಅಳೆದೋನು ಹುಡುಗ, ಯಾವುದಕ್ಕೆ ಪುಡಿ ಬಿದ್ದಿದೆ ಅಂತ ಅವನಿಗೆ ಹೇಳಿರ್ಲಿಲ್ಲ. 20ರಲ್ಲಿ 11 ಬಂತು. ಪಿ-ವ್ಯಾಲ್ಯೂ 0.41.

"ಹಂಗಾರೆ ಬೂದಿ ಆಗಿರೋ ಚಾನ್ಸ್ 41%?" ಅಂತ ಭಾವ ಬೇಕು ಅಂತಲೇ ಕೇಳಿದ್ರು, ಮಗ ನಕ್ಕ. ಅದೂ ಅಲ್ಲ. 70% ಗೆಲ್ಲೋ ನಿಜವಾದ ಪುಡಿಗೂ 11 ಅಥವಾ ಅದಕ್ಕಿಂತ ಕಮ್ಮಿ ಬರೋ ಸಂಭವ ನೂರಕ್ಕೆ 11 ಇದೆ, ಹಾಗಾಗಿ ಬೂದಿನೇ ಅಂತ ಮುದ್ರೆ ಒತ್ತೋಕೂ 20 ಜೋಡಿ ಸಾಲಲ್ಲ. ಉಳಿದ ಪ್ಯಾಕೆಟ್ಟನ್ನ ಭಾವ ಅಟ್ಟದ ಮೇಲೆ ಇಟ್ಟಿದ್ದಾರೆ, ಮುಂದಿನ ವರ್ಷ 60 ಜೋಡಿಗೆ ಬ್ಯಾಗ್ ತುಂಬಿಸ್ತೀನಿ ಅಂತಿದ್ದಾರೆ, ದಾರಿ ಕಡೆ ಒಂದನ್ನೂ ಇಡಲ್ವಂತೆ.