ಸ್ಟೀಲ್ ತಟ್ಟೆ, ಟಾರ್ಚು ಮತ್ತು ಬೆಳಕಿನ ಗುರಿಯಾಟ

ಮೂಲೆಮೂಲೆಯಲ್ಲಿ ಟಾರ್ಚ್ ಬಿಟ್ಟು ಗೋಡೆಯ ಮೇಲೆ ಬೆಳಕು ಕುಣಿಸುವ ಆಟ ಎಲ್ಲ ಮಕ್ಕಳಿಗೂ ಗೊತ್ತು. ಇಲ್ಲಿರುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಬೆಳಕು ತಟ್ಟೆಗೆ ಬಡಿದು ಎಲ್ಲಿಗೆ ಹೋಗುತ್ತದೆಂದು ಮೊದಲೇ ಗುರುತು ಹಾಕಿ, ಆಮೇಲೆ ಟಾರ್ಚ್ ಹೊತ್ತಿಸಿ, ಇಟ್ಟ ಗುರಿಗೆ ಹೊಡೆಯುವುದು. ನಾಲ್ಕನೇ ತರಗತಿಯ ಮಕ್ಕಳಿಗೆ ಕೋನಮಾಪಕ ಹಿಡಿದು ರೂಢಿ ಇರುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಕಾಗದ ಮಡಚಲು ಬಂದರೆ ಸಾಕು.

ಗಾಜಿನ ಕನ್ನಡಿಯ ಬದಲು ತಟ್ಟೆ ಏಕೆ ಎಂದರೆ, ಅದು ಬಿದ್ದರೆ ಒಡೆಯುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯದ್ದು: ತಟ್ಟೆಯ ಮೈಮೇಲೆ ಗೀರುಗಳಿರುತ್ತವೆ, ಆ ಗೀರುಗಳೂ ಆಟದಲ್ಲಿ ಪಾಲು ಕೇಳುತ್ತವೆ. ಲೋಹವನ್ನು ಉಜ್ಜಿ ಕನ್ನಡಿ ಮಾಡುವುದು ಹಳೆಯ ವಿದ್ಯೆ. ಕೇರಳದ ಆರನ್ಮುಳದಲ್ಲಿ ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು, ನುಣ್ಣಗೆ ಉಜ್ಜಿ ಇಂದಿಗೂ ಕನ್ನಡಿ ಮಾಡುತ್ತಾರೆ. ನಮ್ಮ ಊಟದ ತಟ್ಟೆಗೆ ಅಷ್ಟು ಉಪಚಾರ ನಡೆದಿರುವುದಿಲ್ಲ, ದಿನವೂ ನಾರಿನ ಪೆಟ್ಟು ಬೇರೆ.

ಮೊದಲು ತಟ್ಟೆಯ ಪರೀಕ್ಷೆ

ಸುಮಾರು 24 ಸೆಂ.ಮೀ. ಅಗಲದ, ಚಪ್ಪಟೆ ತಳದ, ಆದಷ್ಟು ಹೊಸ ತಟ್ಟೆ ಆರಿಸಿ. ನಮಗೆ ಬೇಕಾದದ್ದು ಅದರ ಹಿಂಬದಿ. ಕಂಪನಿಯ ಗುರುತು ಒತ್ತಿದ್ದರೆ ಅಥವಾ ತಳದಲ್ಲಿ ಉಬ್ಬಿದ ಬಳೆಗಳಿದ್ದರೆ ಬೇರೆ ತಟ್ಟೆ ನೋಡಿ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ತಳದಲ್ಲಿ ಹಿಡಿದು ನೋಡಿದರೆ ತಟ್ಟೆಯ ಗುಣ ತಿಳಿಯುತ್ತದೆ. ಕೊಳವೆ ನೇರವಾಗಿ ಕಂಡರೆ ತಳ ಚಪ್ಪಟೆ; ಬಿಲ್ಲಿನಂತೆ ಬಾಗಿದರೆ ತಳವೂ ಬಾಗಿದೆ, ಅದು ಗುರಿಯಾಟಕ್ಕೆ ಬಾರದು.

ಈಗ ಗೀರುಗಳ ಪರೀಕ್ಷೆ. ತಟ್ಟೆಯನ್ನು ಬೋರಲಾಗಿ ನೆಲದ ಮೇಲಿಟ್ಟು, ಅದರ ನಡುವಿನ ನೇರಕ್ಕೆ ಒಂದು ಮೀಟರ್ ಎತ್ತರದಲ್ಲಿ ಟಾರ್ಚ್ ಹಿಡಿಯಿರಿ. ಕೋಣೆ ಕತ್ತಲಾಗಿರಲಿ. ಮಗು ಪಕ್ಕದಲ್ಲಿ ಕುಳಿತು ಓರೆಯಾಗಿ ನೋಡಿದರೆ, ಹೊಳಪು ದುಂಡಗಿರದೆ ನಡುವಿನ ಮೂಲಕ ತನ್ನ ಕಡೆಗೆ ಚಾಚಿದ ಪಟ್ಟಿಯಂತೆ ಕಾಣುತ್ತದೆ. ತಟ್ಟೆಯನ್ನು ಗರಗರ ತಿರುಗಿಸಿ, ಪಟ್ಟಿ ಅಲುಗುವುದಿಲ್ಲ. ಮಗು ಎದ್ದು ತಟ್ಟೆಯ ಸುತ್ತ ನಡೆದರೆ ಪಟ್ಟಿಯೂ ಹಿಂದೆಯೇ ಬರುತ್ತದೆ. ತಟ್ಟೆಗೆ ಹೊಳಪು ಕೊಡುವಾಗ ಅದನ್ನು ತಿರುಗಿಸುತ್ತಲೇ ಉಜ್ಜುವುದರಿಂದ, ಸಣ್ಣ ಗೀರುಗಳೆಲ್ಲ ವೃತ್ತವೃತ್ತವಾಗಿ ಕೂತಿರುತ್ತವೆ. ಗೀರು ಯಾವ ದಿಕ್ಕಿಗೆ ಓಡುತ್ತದೋ ಅದಕ್ಕೆ ಅಡ್ಡಲಾಗಿ ಬೆಳಕು ಚೆದುರುತ್ತದೆ. ತಟ್ಟೆ ತಿರುಗಿದರೂ ವೃತ್ತಗಳು ವೃತ್ತಗಳಾಗಿಯೇ ಉಳಿಯುವುದರಿಂದ ಪಟ್ಟಿ ಕದಲುವುದಿಲ್ಲ. ಈ ಒಂದು ವಿಷಯ ನೆನಪಿರಲಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಬೆಳಕಿನ ಗೆರೆ ಮಾಡುವುದು

ಇದಕ್ಕೆ ಬೇಕಾಗುವುದು ಒಂದು ಶೂ ಡಬ್ಬ, ಎ4 ಕಾಗದ, ಹಳೆಯ ಆಮಂತ್ರಣ ಪತ್ರಿಕೆಯ ದಪ್ಪ ಕಾರ್ಡು, ಗುಂಡುಪಿನ್ನು, ಸ್ಕೇಲು ಮತ್ತು ಪೆನ್ಸಿಲು. ಟಾರ್ಚಿನಲ್ಲಿ ಒಂದೇ ದೀಪವಿರಬೇಕು. ಹಲವು ಸಣ್ಣ ಎಲ್‌ಇಡಿಗಳಿದ್ದರೆ ಒಂದೊಂದೂ ತನ್ನದೇ ಗೆರೆ ಎಳೆದು ಕಾಗದದ ಮೇಲೆ ಬಾಚಣಿಗೆ ಮೂಡುತ್ತದೆ. ಅಂಥದ್ದೇ ಇದ್ದರೆ ಕಪ್ಪು ಕಾಗದದಿಂದ ಮುಖ ಮುಚ್ಚಿ, ಒಂದು ದೀಪದ ಎದುರಿಗಷ್ಟೇ 5 ಮಿ.ಮೀ. ತೂತು ಬಿಡಿ. ಮೊಬೈಲ್ ಫೋನಿನ ಬೆಳಕು ಈ ಕೆಲಸಕ್ಕೆ ಟಾರ್ಚಿಗಿಂತ ಚೆನ್ನ, ಏಕೆಂದರೆ ಅದು ಚುಕ್ಕಿಯಷ್ಟೇ ಚಿಕ್ಕದು. ಲೇಸರ್ ಪಾಯಿಂಟರ್ ಮಾತ್ರ ಬೇಡವೇ ಬೇಡ. ತಟ್ಟೆಗೆ ಬಡಿದು ಯಾರ ಕಣ್ಣಿಗೆ ಹೋಗುತ್ತದೆಂದು ಹೇಳಲಾಗದು.

ಕಾರ್ಡಿನ ಕೆಳ ಅಂಚಿನಿಂದ ಮೇಲಕ್ಕೆ 4 ಸೆಂ.ಮೀ. ಉದ್ದ, 2 ಮಿ.ಮೀ. ಅಗಲದ ಸೀಳು ಕತ್ತರಿಸಿ. ಸೀಳು ಕೆಳಗಡೆ ತೆರೆದೇ ಇರಬೇಕು, ಇಲ್ಲದಿದ್ದರೆ ಕಾರ್ಡಿನ ಬುಡದಲ್ಲಿ ಗೆರೆ ತುಂಡಾಗುತ್ತದೆ. ಕಾರ್ಡಿನ ಎರಡು ಬದಿಗಳನ್ನು ಹಿಂದಕ್ಕೆ ಮಡಚಿದರೆ ತಾನೇ ನಿಲ್ಲುತ್ತದೆ.

ಶೂ ಡಬ್ಬವನ್ನು ಬೋರಲು ಹಾಕಿ. ಅದರ ಉದ್ದದ ಬದಿಗೆ ತಟ್ಟೆಯ ಹಿಂಬದಿ ತಾಗುವಂತೆ ತಟ್ಟೆಯನ್ನು ನಿಲ್ಲಿಸಿ, ಹಿಂದಿನಿಂದ ನೀರು ತುಂಬಿದ ಡಬ್ಬಿಯನ್ನು ಒತ್ತಾಗಿ ಇಡಿ. ಶೂ ಡಬ್ಬ ಏಕೆಂದರೆ, ತಟ್ಟೆಯನ್ನು ಬರಿನೆಲದ ಮೇಲೆ ನಿಲ್ಲಿಸಿದರೆ ನೆಲಕ್ಕೆ ತಾಗುವುದು ಅಂಚು ಮಾತ್ರ; ಚಪ್ಪಟೆ ತಳ ಶುರುವಾಗುವುದೇ ಎರಡು ಮೂರು ಸೆಂ.ಮೀ. ಮೇಲೆ. ನೆಲದ ಮೇಲಿನ ಗೆರೆ ಬಾಗಿದ ಅಂಚಿಗೆ ಬಡಿದು ಎತ್ತಲೋ ಹೋಗುತ್ತದೆ. ಡಬ್ಬದ ಮೇಲಾದರೆ ಕಾಗದವಿರುವುದು ಸುಮಾರು 10 ಸೆಂ.ಮೀ. ಎತ್ತರದಲ್ಲಿ, ಅಂದರೆ ತಳದ ನಡುಭಾಗದ ತುಸು ಕೆಳಗೆ.

ಸೀಳಿನ ಹಿಂದೆ 30 ಸೆಂ.ಮೀ. ದೂರದಲ್ಲಿ, ಕಾಗದಕ್ಕಿಂತ ಎರಡು ಮೂರು ಸೆಂ.ಮೀ. ಎತ್ತರಕ್ಕೆ, ಪುಸ್ತಕಗಳ ಮೇಲೆ ಟಾರ್ಚ್ ಇಟ್ಟು ಹೊತ್ತಿಸಿ. ಕಾಗದದ ಮೇಲೆ ಒಂದು ಗೆರೆ ತಟ್ಟೆಯವರೆಗೆ ಓಡಿ, ಇನ್ನೊಂದು ಗೆರೆಯಾಗಿ ಹೊರಗೆ ಬರಬೇಕು. ಹೋಗುವ ಗೆರೆ ಚೆನ್ನಾಗಿದ್ದು ಬರುವ ಗೆರೆ ಕಾಣದಿದ್ದರೆ ತಟ್ಟೆ ಹಿಂದಕ್ಕೆ ವಾಲಿದೆ, ಬೆಳಕು ಮೇಲಕ್ಕೆ ಹಾರುತ್ತಿದೆ ಎಂದರ್ಥ. ಕಾಗದದಿಂದ ಒಂದು ಗೇಣು ಮೇಲೆ ಕೈ ಅಡ್ಡ ಹಿಡಿದರೆ ಅದು ಅಂಗೈ ಮೇಲೆ ಸಿಗುತ್ತದೆ. ಮುಂದಕ್ಕೆ ವಾಲಿದ್ದರೆ ಗೆರೆ ಮೋಟಾಗಿ ನಿಲ್ಲುತ್ತದೆ. ತಟ್ಟೆಯ ಬುಡಕ್ಕೋ ತಲೆಗೋ ಮಡಚಿದ ಕಾಗದದ ಚೂರು ಸಿಕ್ಕಿಸಿ ಸರಿಮಾಡಿ.

ಬರುವ ಗೆರೆ ಬೀಸಣಿಗೆಯಂತೆ ಹರಡಿದರೆ ಅದು ಗೀರುಗಳ ಕೆಲಸ. ತಟ್ಟೆಯ ನಡುವಿನ ನೇರ ಕೆಳಗೆ ವೃತ್ತದ ಗೀರುಗಳು ಮಲಗಿರುತ್ತವೆ, ಅಲ್ಲಿ ಬೆಳಕು ಮೇಲೆ ಕೆಳಗೆ ಚೆದುರುತ್ತದೆ, ಗೆರೆ ಕೆಡುವುದಿಲ್ಲ. ಎಡಕ್ಕೋ ಬಲಕ್ಕೋ ಹೋದಂತೆ ಗೀರುಗಳು ಎದ್ದು ನಿಲ್ಲುತ್ತವೆ, ಅಲ್ಲಿ ಬೆಳಕು ಅಕ್ಕಪಕ್ಕಕ್ಕೆ ಚೆದುರಿ ಗೆರೆ ಮಸುಕಾಗುತ್ತದೆ. ಆದ್ದರಿಂದ ಬೆಳಕು ಬಡಿಯುವ ಜಾಗ ಯಾವುದೋ, ತಟ್ಟೆಯ ನಡು ಅದರ ನೇರ ಮೇಲಕ್ಕೆ ಬರುವಂತೆ ತಟ್ಟೆಯನ್ನು ಸರಿಸಿಕೊಳ್ಳಬೇಕು. ತಟ್ಟೆ ಕೆಟ್ಟದ್ದೆಂದು ಎತ್ತಿಡುವ ಮೊದಲು ಇದನ್ನು ಮಾಡಿ ನೋಡಿ.

ಗೆರೆಗಳು ಸಿಕ್ಕ ಮೇಲೆ ಹೋಗುವ ಗೆರೆಯ ಮೇಲೆ ಮೂರು, ಬರುವ ಗೆರೆಯ ಮೇಲೆ ಮೂರು ಚುಕ್ಕಿ ಇಟ್ಟು, ಟಾರ್ಚ್ ಆರಿಸಿ, ಸ್ಕೇಲಿನಿಂದ ಜೋಡಿಸಿ. ಎರಡೂ ಗೆರೆ ಸೇರುವ ಬಿಂದುವಿನಲ್ಲಿ ಕಾಗದವನ್ನು ಮಡಚಿ; ತಟ್ಟೆಯ ಕಡೆಯ ಅಂಚು ಅದರ ಮೇಲೇ ಸರಿಯಾಗಿ ಕೂರಬೇಕು. ಬೆಳಕಿಗೆ ಹಿಡಿದು ನೋಡಿದರೆ ಒಂದು ಗೆರೆ ಇನ್ನೊಂದರ ಮೇಲೆ ಬಿದ್ದಿರುತ್ತದೆ. ಬಂದಷ್ಟೇ ಓರೆಯಲ್ಲಿ ಬೆಳಕು ಹೋಗುತ್ತದೆ ಎಂಬ ನಿಯಮ ಇದೇ.

ಗುರಿಯಾಟ

ಈಗ ಹೊಸ ಎ4 ಕಾಗದ ಅಡ್ಡಲಾಗಿ ಇಟ್ಟುಕೊಂಡು, ಉದ್ದದ ಒಂದು ಅಂಚಿನಲ್ಲಿ 8 ಸೆಂ.ಮೀ. ಪಟ್ಟಿಯನ್ನು ಹಿಂದಕ್ಕೆ ಮಡಚಿ. ಆ ಮಡಿಕೆಯೇ ತಟ್ಟೆ ನಿಲ್ಲುವ ಜಾಗ. ಮಡಿಕೆಯಿಂದ 12 ಸೆಂ.ಮೀ. ದೂರದಲ್ಲಿ ಎಡಗಡೆ ಒಂದು ಚುಕ್ಕಿ ಇಡಿ, ಇದು ಸೀಳಿನ ಜಾಗ. ಅಲ್ಲಿಂದ ಮಡಿಕೆಗುಂಟ 18 ಸೆಂ.ಮೀ. ಬಲಕ್ಕೆ ಬಂದು, ಮಡಿಕೆಯಿಂದ 6 ಸೆಂ.ಮೀ. ದೂರದಲ್ಲಿ ಇನ್ನೊಂದು ಚುಕ್ಕಿ. ಇಲ್ಲಿ ಪೆನ್ನಿನ ಮುಚ್ಚಳ ನಿಲ್ಲುತ್ತದೆ, ಅದೇ ಗುರಿ.

ಬೆಳಕು ತಟ್ಟೆಯ ಯಾವ ಜಾಗಕ್ಕೆ ಬಡಿದರೆ ಮುಚ್ಚಳಕ್ಕೆ ತಾಗುತ್ತದೆ? ಮಕ್ಕಳನ್ನು ಕೇಳಿದರೆ ನಡುಮಧ್ಯಕ್ಕೆ, ಅಂದರೆ 9 ಸೆಂ.ಮೀ.ಗೆ ಬೆರಳಿಡುವವರೇ ಹೆಚ್ಚು. ಹಾಗೇ ಒಮ್ಮೆ ಹೊಡೆಯಲು ಬಿಡಿ. ಬೆಳಕು ಮುಚ್ಚಳ ಬಿಟ್ಟು ಪಕ್ಕದಿಂದ ಹೋಗುತ್ತದೆ.

ಆಮೇಲೆ ಕಾಗದವನ್ನು ಮಡಿಕೆಯಲ್ಲೇ ಮಡಚಿಟ್ಟು, ಗುರಿಯ ಚುಕ್ಕಿಯ ಮೇಲೆ ಗುಂಡುಪಿನ್ನು ಚುಚ್ಚಿ. ಹಿಂದಿನ ಪಟ್ಟಿಗೂ ತೂತು ಬೀಳಲಿ. ಕಾಗದ ಬಿಡಿಸಿದರೆ ಮಡಿಕೆಯ ಆಚೆ 6 ಸೆಂ.ಮೀ. ದೂರದಲ್ಲಿ ತೂತು ಕಾಣುತ್ತದೆ. ತಟ್ಟೆಯೊಳಗೆ ಇಣುಕಿದಾಗ ಮುಚ್ಚಳದ ಪ್ರತಿಬಿಂಬ ಇರುವಂತೆ ತೋರುವುದು ಇದೇ ಜಾಗದಲ್ಲಿ. ಸೀಳಿನ ಚುಕ್ಕಿಯಿಂದ ಈ ತೂತಿಗೆ ನೇರ ಗೆರೆ ಎಳೆಯಿರಿ. ಅದು ಮಡಿಕೆಯನ್ನು ದಾಟುವುದು ಎಡದಿಂದ 12 ಸೆಂ.ಮೀ.ಗೆ, ಗುರಿಯ ಕಡೆಯಿಂದ 6 ಸೆಂ.ಮೀ.ಗೆ. ಸೀಳು ಗುರಿಗಿಂತ ಎರಡು ಪಟ್ಟು ದೂರವಿದೆ, ಬಡಿಯುವ ಬಿಂದುವೂ ಸೀಳಿನಿಂದ ಎರಡು ಪಟ್ಟು ದೂರ ಸರಿದಿದೆ.

ಪಟ್ಟಿಯನ್ನು ಡಬ್ಬದ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು, ಅದರ ಮೇಲೆ ತಟ್ಟೆ ಒತ್ತಿ, ತಟ್ಟೆಯ ನಡುವನ್ನು ಈ ಬಿಂದುವಿನ ನೇರಕ್ಕೆ ತನ್ನಿ. ಸೀಳನ್ನು ಚುಕ್ಕಿಯ ಮೇಲಿಟ್ಟು, ಪೆನ್ಸಿಲ್ ಗೆರೆಯ ಗುಂಟ ಬೆಳಕು ಹೋಗುವಂತೆ ಟಾರ್ಚ್ ಹೊತ್ತಿಸಿದರೆ ಮುಚ್ಚಳ ಬೆಳಗುತ್ತದೆ. ಒಂದಿಷ್ಟು ತಪ್ಪಿದರೆ ಟಾರ್ಚನ್ನಲ್ಲ, ತಟ್ಟೆಯನ್ನು ನೋಡಿ. ತಟ್ಟೆ 5 ಡಿಗ್ರಿ ತಿರುಗಿದ್ದರೆ ಹೊರಬರುವ ಬೆಳಕು 10 ಡಿಗ್ರಿ ತಿರುಗಿರುತ್ತದೆ, ತಪ್ಪು ಇಮ್ಮಡಿ. ದೂರಗಳನ್ನು ಬದಲಿಸಿ ಮಕ್ಕಳು ಒಬ್ಬರಿಗೊಬ್ಬರು ಗುರಿ ಕೊಡಬಹುದು. ಗುರಿ ಮಾತ್ರ ಮಡಿಕೆಯಿಂದ 8 ಸೆಂ.ಮೀ. ಒಳಗೇ ಇರಲಿ, ಇಲ್ಲದಿದ್ದರೆ ಪಿನ್ನು ಪಟ್ಟಿಗೆ ಸಿಗುವುದಿಲ್ಲ.

ಒಂದು ತಟ್ಟೆ ಪಳಗಿದ ಮೇಲೆ ಎರಡು ಮೂರು ತಟ್ಟೆಗಳಿಂದ ಹಜಾರದ ಬೆಳಕನ್ನು ಅಡುಗೆಮನೆಯ ಮೂಲೆಗೂ ತಿರುಗಿಸಬಹುದು, ಸೀಳಿಲ್ಲದೆ ಬರೀ ಟಾರ್ಚಿನಿಂದ. ಸ್ಟೀಲು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 60% ಮಾತ್ರ ಹಿಂದಿರುಗಿಸುತ್ತದೆ. ಮೂರನೇ ತಟ್ಟೆ ದಾಟುವಾಗ ಉಳಿಯುವುದು ಹೆಚ್ಚೆಂದರೆ ಐದನೇ ಒಂದು ಪಾಲು, ಗೀರುಗಳು ಚೆದುರಿಸಿದ್ದು ಬೇರೆ. ಹಾಗಾಗಿ ಮೂರಕ್ಕಿಂತ ಹೆಚ್ಚು ತಟ್ಟೆ ಹಿಡಿದು ಮಕ್ಕಳು ಸಪ್ಪಗಾಗುವುದು ಬೇಡ.

ಡಬ್ಬಿಯೊಳಗಿನ ಮೊನೆ

ಕೊನೆಯ ಆಟಕ್ಕೆ ಸೀಳೂ ಬೇಡ, ಮಡಚುವುದೂ ಬೇಡ. ಗೋಡೆ ನೆಟ್ಟಗಿರುವ, 12 ಸೆಂ.ಮೀ. ಅಗಲದ ಸ್ಟೀಲ್ ಡಬ್ಬಿಯ ತಳಕ್ಕೆ ಬಿಳಿ ಕಾಗದ ಕತ್ತರಿಸಿ ಹಾಕಿ. ಒಂದು ಮೀಟರ್ ದೂರದಿಂದ ಓರೆಯಾಗಿ ಟಾರ್ಚ್ ಬಿಟ್ಟರೆ, ಕಾಗದದ ಮೇಲೆ ಎರಡು ಹೊಳೆಯುವ ಬಾಗುಗೆರೆಗಳು ಬಂದು ಒಂದು ಚೂಪು ಮೊನೆಯಲ್ಲಿ ಸೇರುತ್ತವೆ. ಡಬ್ಬಿಯ ಬಾಗಿದ ಗೋಡೆಯಿಂದ ಮರಳಿದ ಗೆರೆಗಳು ಒತ್ತೊತ್ತಾಗಿ ಸೇರುವ ಜಾಗ ಅದು. ಮೊನೆಯಿಂದ ಟಾರ್ಚಿನ ಎದುರಿನ ಗೋಡೆಗೆ ಅಳೆದರೆ ಸುಮಾರು 3 ಸೆಂ.ಮೀ. ಬರುತ್ತದೆ. ಟಾರ್ಚನ್ನು ಮೆಲ್ಲನೆ ಹತ್ತಿರ ತಂದು ಡಬ್ಬಿಯ ಅಂಚಿಗೇ ಹಿಡಿದರೆ ಮೊನೆ ನಡುವಿನ ಕಡೆಗೆ ಜರುಗಿ 4 ಸೆಂ.ಮೀ.ಗೆ ನಿಲ್ಲುತ್ತದೆ, ಬಾಗುಗೆರೆ ಹೃದಯದ ಆಕಾರ ತಾಳುತ್ತದೆ. ಬಾಯಿ ಅಗಲ, ಬುಡ ಕಿರಿದಾದ ಲೋಟದಲ್ಲಿ ಈ ಅಳತೆ ಸಿಗುವುದಿಲ್ಲ. ಡಬ್ಬಿಯನ್ನು ಬಿಸಿಲಿಗೆ ಹಿಡಿದು ಇಣುಕಲು ಮಕ್ಕಳನ್ನು ಬಿಡಬೇಡಿ.

ಇಲ್ಲಿ ಹಳೆಯ, ಮೈತುಂಬ ಗೀರಾದ ಡಬ್ಬಿಯೂ ನಡೆಯುತ್ತದೆ. ಅದರ ಗೀರುಗಳು ಗೋಡೆಯ ಸುತ್ತ ಬಳೆಯಂತೆ ಅಡ್ಡಲಾಗಿ ಓಡುವುದರಿಂದ ಬೆಳಕು ಮೇಲೆ ಕೆಳಗೆ ಮಾತ್ರ ಚೆದುರುತ್ತದೆ, ಮೊನೆ ಚೂಪಾಗಿಯೇ ಉಳಿಯುತ್ತದೆ. ಯಾರಾದರೂ ಡಬ್ಬಿಯ ಒಳಗೆ ಮೇಲಿಂದ ಕೆಳಕ್ಕೆ ನಾರು ಎಳೆದು ತಿಕ್ಕಿದ್ದರೆ ಮಾತ್ರ ಆ ಕಡೆಯ ಬಾಗುಗೆರೆ ಹೊಗೆಯಂತೆ ಹರಡುತ್ತದೆ. ಡಬ್ಬಿಯನ್ನು ತುಸು ತಿರುಗಿಸಿ, ಚೆನ್ನಾಗಿರುವ ಗೋಡೆಯನ್ನು ಟಾರ್ಚಿನ ಎದುರಿಗೆ ತಂದರೆ ಸರಿಹೋಗುತ್ತದೆ.