ಸಾಲದ ಬಡ್ಡಿ 11 ಅಂತ ಬಂಡವಾಳದ ವೆಚ್ಚವೂ 11 ಅಲ್ಲ

ತೀರ್ಥಹಳ್ಳಿ ಹತ್ತಿರ ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಹಾಳೆ ಒಣಗುವುದಿಲ್ಲ, ಬೂಷ್ಟು ಹಿಡಿದು ರಾಶಿಗಟ್ಟಲೆ ಎಸೆಯಬೇಕಾಗುತ್ತದೆ. ಅದಕ್ಕೇ ಡ್ರೈಯರ್ ಹಾಕಿ, ಜೊತೆಗೆ ಹೊಸ ಆಟೋಮ್ಯಾಟಿಕ್ ಪ್ರೆಸ್‌ಗಳನ್ನೂ ತರೋಣ ಅಂತ ಮಾತಾಯಿತು. ಒಟ್ಟು ಖರ್ಚು 40 ಲಕ್ಷ. ತೆರಿಗೆ ಕಳೆದು, ಬಡ್ಡಿ ಕಟ್ಟುವ ಮೊದಲು, ವರ್ಷಕ್ಕೆ 7.4 ಲಕ್ಷದಂತೆ 10 ವರ್ಷ ಉಳಿಯುತ್ತದೆ ಅಂತ ಅಂದಾಜು. ಹಾಕಿದ 40 ಲಕ್ಷವೂ ಈ ಉಳಿಕೆಯಲ್ಲೇ ವಾಪಸ್ ಬರಬೇಕು, ಹಾಗಾಗಿ ನಿಜವಾದ ಗಳಿಕೆ ವರ್ಷಕ್ಕೆ ಸುಮಾರು 13%.

"ಬ್ಯಾಂಕಿನವರು 11ಕ್ಕೆ ಕೊಡ್ತಾರಲ್ಲ ತಮ್ಮಾ, 13 ಬಂದ್ರೆ 2 ಲಾಭ ಅಲ್ವಾ?" ಅಂದರು ಕಂಪನಿಯ ಹಿರಿಯರು. ಕೇಳಲು ಸರಿಯಾಗೇ ಇದೆ. ಆದರೆ ಬ್ಯಾಂಕು ಸಾಲ ಕೊಡುವುದು ಹಿಂದೆ ಷೇರುದಾರರ ದುಡ್ಡು ನಿಂತಿದೆ ಅಂತ. ನಷ್ಟ ಬಂದರೆ ಮೊದಲು ಕರಗುವುದು ಅವರದೇ. ಆ ದುಡ್ಡಿಗೂ ಒಂದು ಬೆಲೆ ಇದೆ. ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಬೆರೆಸಿದರೆ ಸಿಗುವುದೇ ವ್ಯಾಕ್, ಅಂದರೆ ಬಂಡವಾಳದ ತೂಕದ ಸರಾಸರಿ ವೆಚ್ಚ.

ಸಾಲದ ಕಡೆ ಸುಲಭ. ಬಡ್ಡಿ 11%. ಬಡ್ಡಿಯನ್ನು ಖರ್ಚಿಗೆ ಹಾಕುವುದರಿಂದ ಅಷ್ಟು ಆದಾಯದ ಮೇಲೆ ತೆರಿಗೆ ಉಳಿಯುತ್ತದೆ. ನಮ್ಮದು 25.17% ದರ, ಹಾಗಾಗಿ ಸಾಲದ ನಿಜವಾದ ವೆಚ್ಚ 8.23%. ಲಾಭ ಇದ್ದರೆ ಮಾತ್ರ ಈ ಉಳಿತಾಯ ಅನ್ನುವುದು ನೆನಪಿರಲಿ.

ಷೇರಿನ ಕಡೆ ಯಾರೂ ಬಿಲ್ ಕಳಿಸುವುದಿಲ್ಲ, ಅದೇ ಕಷ್ಟ. ಸರ್ಕಾರಿ ಬಾಂಡಿಗೆ 7, ಷೇರು ಪೇಟೆಯ ಅಪಾಯಕ್ಕೆ ಇನ್ನೊಂದು 7, ಸಣ್ಣ ಕಂಪನಿ, ಬೇಕೆಂದಾಗ ಷೇರು ಮಾರಲೂ ಆಗಲ್ಲ ಅನ್ನುವುದಕ್ಕೆ 4, ಹೀಗೆ 18% ಹಿಡಿದೆ. ಕೊನೆಯ 4 ನನ್ನ ಅಂದಾಜು, ಅದಕ್ಕೆ ಸೂತ್ರ ಇಲ್ಲ.

ಇಷ್ಟಾದ ಮೇಲೆ ನಾನು ಎಡವಿದ್ದು ತೂಕದಲ್ಲಿ. ಬ್ಯಾಲೆನ್ಸ್ ಶೀಟ್ ತೆರೆದೆ. ಸಾಲ 60 ಲಕ್ಷ, ಷೇರು ಬಂಡವಾಳ ಮತ್ತು ಮೀಸಲು ಸೇರಿ 40 ಲಕ್ಷ. 60:40 ಅಂತ ಬೆರೆಸಿದೆ, 12.14% ಬಂತು. 10 ವರ್ಷದ ಉಳಿಕೆಯನ್ನು ಆ ದರದಲ್ಲಿ ಇಂದಿನ ಬೆಲೆಗೆ ಇಳಿಸಿ, 40 ಲಕ್ಷ ಕಳೆದು ನೋಡಿದರೆ ಯೋಜನೆಯಿಂದ 1.57 ಲಕ್ಷ ಲಾಭ. ಸರಿ, ಮಾಡಬಹುದು ಅಂತ ಬರೆದೂ ಇಟ್ಟೆ.

ರಾತ್ರಿ ಮಲಗುವಾಗ ನೆನಪಾಯಿತು. ಹಿಂದಿನ ವರ್ಷ ಒಬ್ಬ ಪಾಲುದಾರರು ತಮ್ಮ 10% ಷೇರನ್ನು ಉಳಿದವರಿಗೇ 14 ಲಕ್ಷಕ್ಕೆ ಮಾರಿದ್ದರು. ಹಾಗಾದರೆ ಎಲ್ಲಾ ಷೇರಿನ ಇಂದಿನ ಬೆಲೆ 1.4 ಕೋಟಿ. ಪುಸ್ತಕದ 40 ಲಕ್ಷ ಅಂದರೆ ಎಷ್ಟೋ ವರ್ಷದ ಹಿಂದೆ ಹಾಕಿದ್ದು ಮತ್ತು ಆಮೇಲೆ ಒಳಗೇ ಉಳಿಸಿದ್ದು. ಷೇರುದಾರರು 18% ನಿರೀಕ್ಷಿಸುವುದು ಇವತ್ತು ಮಾರಿದರೆ ಕೈಗೆ ಬರುವ ದುಡ್ಡಿನ ಮೇಲೆ, ಹಳೆಯ ಪುಸ್ತಕದ ಅಂಕಿಯ ಮೇಲೆ ಅಲ್ಲ. ಸಾಲ 60, ಷೇರು 140. ತೂಕ 30:70.

```
=0.30*11%*(1-25.17%) + 0.70*18%
```

15.07% ಬಂತು. ಅದೇ ಯೋಜನೆ ಈಗ 2.96 ಲಕ್ಷ ನಷ್ಟ. ಯಂತ್ರ ಅದೇ, ಗಳಿಕೆ ಅದೇ, ಬದಲಾಗಿದ್ದು ತೂಕ ಮಾತ್ರ.

ನನ್ನ 18 ಜಾಸ್ತಿ ಆಯಿತೇನೋ ಅಂತ 16 ಹಾಕಿ ನೋಡಿದೆ, 13.67%, ಆಗಲೂ ಫೇಲು. 15ಕ್ಕೆ ಇಳಿಸಿದರೆ 12.97%, ಅಲ್ಲಿ ಅಂಚಿನಲ್ಲಿ ಪಾಸ್. ಆದರೆ ಬೇಡಿಕೆ ಬಿದ್ದರೆ ಬಾಗಿಲು ಹಾಕಬೇಕಾದ ಕಂಪನಿಗೆ 15% ಸಾಕು ಅನ್ನಲು ನನಗೆ ಮನಸ್ಸು ಒಪ್ಪಲಿಲ್ಲ. ಸಾಲದ ಪಾಲು ಜಾಸ್ತಿ ಮಾಡಿ ವ್ಯಾಕ್ ಇಳಿಸೋಣ ಅಂತಲೂ ಒಬ್ಬರು ಹೇಳಿದರು. ಸಾಲ ಏರಿದಂತೆ ಷೇರುದಾರರ ಅಪಾಯ ಏರುತ್ತದೆ, 18 ಅಲ್ಲೇ ನಿಲ್ಲುವುದಿಲ್ಲ, ಬ್ಯಾಂಕೂ 11ಕ್ಕೇ ಕೊಡುವುದಿಲ್ಲ.

ಆಮೇಲೆ 40 ಲಕ್ಷವನ್ನು ಎರಡು ಭಾಗ ಮಾಡಿದೆವು. ಡ್ರೈಯರ್ ಒಂದಕ್ಕೇ 18 ಲಕ್ಷ, ವರ್ಷಕ್ಕೆ 4.3 ಲಕ್ಷ ಉಳಿಕೆ, ಸುಮಾರು 20% ಗಳಿಕೆ. 15.07ರಲ್ಲೂ 3.52 ಲಕ್ಷ ಲಾಭ. ಪ್ರೆಸ್‌ಗಳಿಗೆ 22 ಲಕ್ಷ, ಉಳಿಕೆ 3.1 ಲಕ್ಷ. ಅದರ ಗಳಿಕೆ 7ನ್ನೂ ಮುಟ್ಟಲಿಲ್ಲ, ಅಂದರೆ ತೆರಿಗೆ ಕಳೆದ ಸಾಲದ ವೆಚ್ಚಕ್ಕೂ ಕಡಿಮೆ. ಅಷ್ಟು ದಿನ ಡ್ರೈಯರಿನ ಬೆನ್ನ ಮೇಲೆ ಅದು ಕೂತಿತ್ತು. ಹಿರಿಯರಿಗೆ ಈ ಎರಡು ಸಾಲು ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಡ್ರೈಯರ್ ಒಂದೇ ಹಾಕ್ಸೋಣ, ಮಳೆಗೆ ಮುಂಚೆ" ಅಂದರು.