ಓವನ್ ಆಲೂಗಡ್ಡೆ ಕೊನೆಗೂ ಗರಿಗರಿಯಾಯಿತು

ಓವನ್‌ನಲ್ಲಿ ಹುರಿದ ಆಲೂಗಡ್ಡೆಗೆ ಬಣ್ಣ ಬಂದರೂ ಮೆತ್ತಗೇ ಇರುತ್ತಿತ್ತು, ಟ್ರೇಗೂ ಅಂಟುತ್ತಿತ್ತು. ಕಾರಣ ಮೇಲ್ಮೈಯ ತೇವ. ಅದು ಆರುವವರೆಗೆ ಹೊರಪದರ ಗರಿಯಾಗುವುದೇ ಇಲ್ಲ.

ಈಗ ಒಂದು ಕಿಲೋ ಆಲೂಗಡ್ಡೆಯ ಸಿಪ್ಪೆ ತೆಗೆದು, ದೊಡ್ಡ ಹೋಳು ಮಾಡಿ, ಉಪ್ಪು ನೀರಿನಲ್ಲಿ ಕುದಿ ಬಂದ ಮೇಲೆ 8-10 ನಿಮಿಷ ಬೇಯಿಸುತ್ತೇನೆ. ಚಾಕು ಅಂಚಿನಲ್ಲಿ ಸಲೀಸಾಗಿ ಇಳಿಯಬೇಕು, ನಡುವೆ ತುಸು ತಡೆಯಬೇಕು. ನೀರು ಬಸಿದು ಐದು ನಿಮಿಷ ಹಬೆಯಾಡಲು ಬಿಟ್ಟರೆ ಒದ್ದೆ ಹೊಳಪು ಹೋಗಿ ಹೋಳು ಬಿಳಿಚಿಕೊಳ್ಳುತ್ತದೆ. ಆಮೇಲೆ ಪಾತ್ರೆಗೆ ಹಾಕಿ, ಮುಚ್ಚಳ ಹಿಡಿದು ನಾಲ್ಕೈದು ಸಲ ಕುಲುಕುತ್ತೇನೆ. ಅಂಚುಗಳು ತರಿತರಿಯಾಗಿ, ಹಿಟ್ಟು ಮೆತ್ತಿದ ಹಾಗೆ ಕಾಣುತ್ತವೆ. ಎಣ್ಣೆ ಹಿಡಿದು ಗರಿಯಾಗುವುದು ಈ ತರಿಯೇ, ಹಾಗಾಗಿ ಇಲ್ಲಿ ಆತುರ ಬೇಡ. ಹಿಟ್ಟಿನಂಶ ಕಡಿಮೆಯಿರುವ ಎಳೆ ಆಲೂಗಡ್ಡೆಯಲ್ಲಿ ಇಷ್ಟು ತರಿ ಏಳುವುದಿಲ್ಲ.

ಅಷ್ಟರಲ್ಲಿ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ (ಫ್ಯಾನ್ ಓವನ್ ಆದರೆ 200) ಟ್ರೇ, ಅದರೊಳಗೆ ನಾಲ್ಕು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾದಿರಬೇಕು. ಹೋಳು ಬಿದ್ದ ಕೂಡಲೇ ಚುಂಯ್ ಅನ್ನಬೇಕು. ಎಣ್ಣೆ ಸಿಡಿಯುತ್ತದೆ, ಒಂದೊಂದಾಗಿ ಇಡಿ. ಒತ್ತೊತ್ತಾಗಿದ್ದರೆ ಹಬೆಯಲ್ಲಿ ಬೇಯುತ್ತವೆ, ಹುರಿಯುವುದಿಲ್ಲ.

ಮೊದಲ 25 ನಿಮಿಷ ಮುಟ್ಟುವುದಿಲ್ಲ. ತಳ ಗಟ್ಟಿಯಾದ ಹೋಳು ತಾನಾಗಿ ಬಿಟ್ಟುಕೊಳ್ಳುತ್ತದೆ. ಎಳೆದರೆ ಹರಿಯುವಂತಿದ್ದರೆ ಇನ್ನೈದು ನಿಮಿಷ ಕಾಯುತ್ತೇನೆ. ತಿರುವಿ ಹಾಕಿ ಮತ್ತೆ 20 ನಿಮಿಷ ಬಿಟ್ಟರೆ ಎಲ್ಲ ಕಡೆಯೂ ಹೊಂಬಣ್ಣ.